ಇಡುಗಂಟಿನಿಂದ ತಿಂಗಳ ಖರ್ಚಿಗೆ: ಅಪಾಯ ಬೇಡವೆನ್ನುವ ಹಿರಿಯರಿಗೆ ಹಂತಹಂತದ ದಾರಿ

ಖಾಸಗಿ ಕೆಲಸದಿಂದ ನಿವೃತ್ತರಾದವರ ಕೈಗೆ ಭವಿಷ್ಯ ನಿಧಿ, ಗ್ರಾಚ್ಯುಟಿ ಎಂದು ಒಂದು ದೊಡ್ಡ ಇಡುಗಂಟು ಬರುತ್ತದೆ. ತಿಂಗಳ ಸಂಬಳ ನಿಂತುಹೋಗುತ್ತದೆ. ಅಲ್ಲಿಯವರೆಗೆ ಉಳಿತಾಯ ಖಾತೆ ಬಿಟ್ಟು ಬೇರೇನನ್ನೂ ನೋಡದವರಿಗೆ ಆ ಗಂಟನ್ನು ಎಲ್ಲಿಡಬೇಕೆಂದು ಹೇಳಲು ಹತ್ತು ಜನ ಸಿದ್ಧರಿರುತ್ತಾರೆ. ಎಷ್ಟು ಬೇಕು, ಯಾವಾಗ ಬೇಕು ಎಂದು ಕೇಳುವವರು ಮಾತ್ರ ಕಡಿಮೆ. ಮೊದಲು ಆ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಎಲ್ಲಿ ಇಡಬೇಕೆಂಬುದು ಬಹುಮಟ್ಟಿಗೆ ತಾನಾಗಿಯೇ ತೀರ್ಮಾನವಾಗುತ್ತದೆ.

ಒಂದು ಸಂಸಾರದ ಲೆಕ್ಕವನ್ನು ಹಿಡಿದು ಹೋಗೋಣ. ತುಮಕೂರಿನಲ್ಲಿ ಸ್ವಂತ ಮನೆಯಿರುವ ದಂಪತಿ ಎಂದುಕೊಳ್ಳಿ. ಗಂಡನಿಗೆ 64, ಹೆಂಡತಿಗೆ 61. ಸಾಲವಿಲ್ಲ, ಮಕ್ಕಳ ಜವಾಬ್ದಾರಿ ಮುಗಿದಿದೆ. ಕೈಯಲ್ಲಿರುವುದು 40 ಲಕ್ಷ ರೂಪಾಯಿ. ಭವಿಷ್ಯ ನಿಧಿಯ ಪಿಂಚಣಿ ತಿಂಗಳಿಗೆ 3,000 ಬರುತ್ತದೆ. ಷೇರು, ಮ್ಯೂಚುವಲ್ ಫಂಡ್ ಇಬ್ಬರಿಗೂ ಬೇಡ. ನಿಮ್ಮ ಮೊತ್ತ ಬೇರೆ ಇರಬಹುದು, ಆದರೆ ಲೆಕ್ಕ ಹಾಕುವ ಕ್ರಮ ಇದೇ.

ಮೊದಲು ಖರ್ಚಿನ ಪಟ್ಟಿ

ಬಡ್ಡಿ ದರ ನೋಡುವುದಕ್ಕೂ ಮುಂಚೆ ಒಂದು ಹಾಳೆಯಲ್ಲಿ ಖರ್ಚು ಬರೆಯಿರಿ. ಈ ಮನೆಯದು ಹೀಗಿದೆ: ದಿನಸಿ, ಹಾಲು, ತರಕಾರಿಗೆ 9,500, ಔಷಧ ಮತ್ತು ವೈದ್ಯರಿಗೆ 3,500, ವಿದ್ಯುತ್, ನೀರು, ಗ್ಯಾಸ್, ಫೋನ್ ಸೇರಿ 2,500, ಮನೆಗೆಲಸದವರಿಗೆ 1,500, ಓಡಾಟ, ಹಬ್ಬ, ಮದುವೆ ಮುಂಜಿಯ ಮುಯ್ಯಿಗೆ 3,000. ಒಟ್ಟು 20,000. ಬಹಳಷ್ಟು ಜನ ಇಲ್ಲಿಗೆ ನಿಲ್ಲಿಸುತ್ತಾರೆ, ತಪ್ಪುವುದು ಇಲ್ಲಿಯೇ. ಮನೆ ಕಂದಾಯ, ಆರೋಗ್ಯ ವಿಮೆಯ ಕಂತು, ಮೋಟಾರ್ ಕೆಟ್ಟರೆ ರಿಪೇರಿ, ಕನ್ನಡಕ ಇವೆಲ್ಲ ವರ್ಷಕ್ಕೊಮ್ಮೆ ಬರುವ ಖರ್ಚುಗಳು, ಆದರೆ ಪ್ರತಿ ವರ್ಷವೂ ಬರುತ್ತವೆ. ಇವರಿಗೆ ಅದು ವರ್ಷಕ್ಕೆ 48,000, ಅಂದರೆ ತಿಂಗಳಿಗೆ 4,000. ಅಲ್ಲಿಗೆ ನಿಜವಾದ ಖರ್ಚು 24,000. ಪಿಂಚಣಿಯ 3,000 ಕಳೆದರೆ ಇಡುಗಂಟಿನಿಂದ ತಿಂಗಳಿಗೆ 21,000 ಹುಟ್ಟಬೇಕು.

ಈ ಸಂಖ್ಯೆ ಕೈಯಲ್ಲಿರುವುದರಿಂದ ಆಗುವ ದೊಡ್ಡ ಉಪಕಾರವೆಂದರೆ, ಇದಕ್ಕಿಂತ ಹೆಚ್ಚಿನ ಬಡ್ಡಿಯ ಆಸೆ ತೋರಿಸುವವರಿಗೆ ಉತ್ತರ ಸಿದ್ಧವಿರುತ್ತದೆ. ಬೇಕಾದಷ್ಟು ಆದಾಯ ಸರ್ಕಾರದ ಭರವಸೆಯಿರುವ ಕಡೆಯಿಂದಲೇ ಸಿಗುತ್ತಿರುವಾಗ ಅದಕ್ಕಿಂತ ಆಚೆ ಹೋಗುವ ಅಗತ್ಯವೇ ಇರುವುದಿಲ್ಲ.

ಎರಡನೆಯದು, ಮುಟ್ಟಬಹುದಾದ ಹಣ

ಯಾವ ಯೋಜನೆಗೂ ಕೈಹಾಕುವ ಮೊದಲು 3 ಲಕ್ಷ ರೂಪಾಯಿಯನ್ನು ಬದಿಗಿಡಬೇಕು. ಇದರಲ್ಲಿ 50,000 ಉಳಿತಾಯ ಖಾತೆಯಲ್ಲೇ ಇರಲಿ. ಏಕೆಂಬುದು ಮುಂದೆ ಗೊತ್ತಾಗುತ್ತದೆ. ಉಳಿದ ಎರಡೂವರೆ ಲಕ್ಷವನ್ನು ನಿಮ್ಮ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಮಾಡಿ, ಆದರೆ ಒಂದೇ ಠೇವಣಿಯಾಗಿ ಅಲ್ಲ. 50,000ದ ಐದು ಠೇವಣಿಗಳಾಗಿ. ರಾತ್ರಿ ಆಸ್ಪತ್ರೆಗೆ ಸೇರಿಸಿ ಬೆಳಗ್ಗೆ 40,000 ಮುಂಗಡ ಕಟ್ಟಬೇಕಾಗಿ ಬಂದರೆ ಒಂದನ್ನು ಮುರಿದರೆ ಸಾಕು, ಮಿಕ್ಕ ನಾಲ್ಕರ ಬಡ್ಡಿಗೆ ಧಕ್ಕೆ ಬರುವುದಿಲ್ಲ. ಠೇವಣಿ ಮಾಡಿಸುವಾಗ ಅವಧಿಗೆ ಮುಂಚೆ ಮುರಿಯಲು ಅವಕಾಶ ಇದೆಯೇ ಎಂದು ಕೇಳಿ. ತೆರಿಗೆ ಉಳಿಸುವ ಐದು ವರ್ಷದ ಠೇವಣಿಯನ್ನು ಮಧ್ಯದಲ್ಲಿ ಮುರಿಯಲಾಗದು, ಈ ಕೆಲಸಕ್ಕೆ ಅದು ಬೇಡ.

ಠೇವಣಿ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿರಲಿ, ಇಬ್ಬರಲ್ಲಿ ಯಾರಾದರೂ ಒಬ್ಬರು ವ್ಯವಹರಿಸಬಹುದು ಎಂಬ ಸೂಚನೆಯೊಂದಿಗೆ. ಆಸ್ಪತ್ರೆಯ ಹಾಸಿಗೆಯಲ್ಲಿರುವವರ ಸಹಿಯೇ ಬೇಕಾಗುವಂಥ ಹಣವನ್ನು ತುರ್ತು ಹಣ ಎನ್ನಲಾಗದು.

ಮೂರನೆಯದು, ಆದಾಯದ ಬೆನ್ನೆಲುಬು

60 ದಾಟಿದವರಿಗೆ ಹಿರಿಯ ನಾಗರಿಕರ ಉಳಿತಾಯ ಯೋಜನೆಗಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ. 2004ರಿಂದ ಇರುವ ಕೇಂದ್ರ ಸರ್ಕಾರದ ಯೋಜನೆ ಇದು. ಅಂಚೆ ಕಚೇರಿಯಲ್ಲೂ ತೆರೆಯಬಹುದು, ರಾಷ್ಟ್ರೀಕೃತ ಬ್ಯಾಂಕುಗಳಲ್ಲೂ ತೆರೆಯಬಹುದು. ಬಡ್ಡಿ ಎರಡೂ ಕಡೆ ಒಂದೇ. 2023ರ ಏಪ್ರಿಲ್‌ನಲ್ಲಿ ಒಬ್ಬರು ಇಡಬಹುದಾದ ಗರಿಷ್ಠ ಮೊತ್ತವನ್ನು 15 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದರು, ಬಡ್ಡಿ ಶೇಕಡ 8.2 ಆಯಿತು. ಈ ಲೇಖನದ ಲೆಕ್ಕಗಳೆಲ್ಲ ಆಗ ನಿಗದಿಯಾದ ದರಗಳ ಮೇಲಿವೆ. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ಪ್ರಕಟಿಸುತ್ತದೆ, ಹಣ ಕಟ್ಟುವ ದಿನ ಕೌಂಟರಿನಲ್ಲಿ ಒಮ್ಮೆ ಕೇಳಿಯೇ ಕಟ್ಟಿ. ಒಮ್ಮೆ ಕಟ್ಟಿದ ಮೇಲೆ ಆ ದಿನದ ದರ ಐದು ವರ್ಷವೂ ಹಾಗೆಯೇ ಇರುತ್ತದೆ. ಆಮೇಲೆ ಹೊಸಬರಿಗೆ ದರ ಇಳಿಸಿದರೂ ನಿಮ್ಮದು ಇಳಿಯುವುದಿಲ್ಲ.

ನಮ್ಮ ದಂಪತಿ ಇದರಲ್ಲಿ 24 ಲಕ್ಷ ಇಡುತ್ತಾರೆ. ವರ್ಷಕ್ಕೆ 1,96,800 ರೂಪಾಯಿ ಬಡ್ಡಿ. ಬರುವುದು ತಿಂಗಳಿಗೊಮ್ಮೆ ಅಲ್ಲ, ಮೂರು ತಿಂಗಳಿಗೊಮ್ಮೆ 49,200. ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ತಿಂಗಳುಗಳ ಮೊದಲಲ್ಲಿ ಅದು ಖಾತೆಗೆ ಬೀಳುತ್ತದೆ. ಹಾಗಾದರೆ ಮೂರು ಬೇರೆ ಬೇರೆ ತಿಂಗಳಲ್ಲಿ ಮೂರು ಖಾತೆ ತೆರೆದರೆ ತಿಂಗಳು ತಿಂಗಳೂ ಬಡ್ಡಿ ಬರುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಬರುವುದಿಲ್ಲ. ಖಾತೆ ಯಾವ ದಿನ ತೆರೆದರೂ ಬಡ್ಡಿ ಬೀಳುವುದು ಆ ನಾಲ್ಕು ದಿನಗಳಂದೇ.

ಆದರೂ ಮೂರು ಖಾತೆ ತೆರೆಯಿರಿ ಎಂದೇ ನಾನು ಹೇಳುವುದು, ಕಾರಣ ಬೇರೆ. ಈ ಯೋಜನೆಯಲ್ಲಿ ಸ್ವಲ್ಪ ಹಣ ಮಾತ್ರ ಹಿಂದಕ್ಕೆ ಪಡೆಯಲು ಅವಕಾಶವಿಲ್ಲ. ಬೇಕೆಂದರೆ ಇಡೀ ಖಾತೆಯನ್ನೇ ಮುಚ್ಚಬೇಕು. ವರ್ಷ ತುಂಬುವ ಮೊದಲು ಮುಚ್ಚಿದರೆ ಅಲ್ಲಿಯವರೆಗೆ ಕೊಟ್ಟ ಬಡ್ಡಿಯನ್ನೂ ಅಸಲಿನಿಂದ ಹಿಡಿದುಕೊಳ್ಳುತ್ತಾರೆ. ಒಂದರಿಂದ ಎರಡು ವರ್ಷದೊಳಗೆ ಮುಚ್ಚಿದರೆ ಅಸಲಿನ ಶೇಕಡ ಒಂದೂವರೆ, ಎರಡು ವರ್ಷದ ಮೇಲೆ ಶೇಕಡ ಒಂದು ಕಡಿತ. ಒಂದೂವರೆ ವರ್ಷದ ಹೊತ್ತಿಗೆ ಮೂರು ಲಕ್ಷ ತುರ್ತಾಗಿ ಬೇಕಾಯಿತೆಂದುಕೊಳ್ಳಿ. 24 ಲಕ್ಷವೂ ಒಂದೇ ಖಾತೆಯಲ್ಲಿದ್ದರೆ ಅದನ್ನು ಮುಚ್ಚಿದಾಗ 36,000 ರೂಪಾಯಿ ಹೋಗುತ್ತದೆ. 12 ಲಕ್ಷ, 8 ಲಕ್ಷ, 4 ಲಕ್ಷದ ಮೂರು ಖಾತೆಗಳಿದ್ದರೆ ಚಿಕ್ಕದನ್ನು ಮಾತ್ರ ಮುಚ್ಚಬಹುದು, ಹೋಗುವುದು 6,000. ಅರ್ಜಿ ಎರಡು ಹೆಚ್ಚು ತುಂಬಿಸಬೇಕಾಗುತ್ತದೆ, ಅಷ್ಟೇ. ಕೌಂಟರಿನಲ್ಲಿ ಒಂದೇ ಖಾತೆ ಮಾಡಿಸಿ ಸಾರ್ ಎಂದರೂ ಮೂರೇ ಬೇಕೆಂದು ಕೇಳಿ, ಒಟ್ಟು ಮೊತ್ತ 30 ಲಕ್ಷ ಮೀರದಿದ್ದರೆ ನಿಯಮದಲ್ಲಿ ಇದಕ್ಕೆ ಅಡ್ಡಿಯಿಲ್ಲ.

ತಿಂಗಳಿಗೊಮ್ಮೆಯೇ ಬಡ್ಡಿ ಕೊಡುವುದು ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆ. ದರ ಶೇಕಡ 7.4, ಒಬ್ಬರ ಹೆಸರಿನಲ್ಲಿ 9 ಲಕ್ಷ, ಜಂಟಿಯಾಗಿ 15 ಲಕ್ಷದವರೆಗೆ. ಇದಕ್ಕೆ ವಯಸ್ಸಿನ ಕಟ್ಟುಪಾಡಿಲ್ಲ, ಅವಧಿ ಇದರದೂ ಐದು ವರ್ಷ. ಖಾತೆ ತೆರೆದ ತಾರೀಖಿನಿಂದ ತಿಂಗಳು ತುಂಬಿದಂತೆಲ್ಲ ಬಡ್ಡಿ ಬರುತ್ತದೆ. ಈ ದಂಪತಿ ಜಂಟಿಯಾಗಿ 8 ಲಕ್ಷ ಇಟ್ಟರೆ ತಿಂಗಳಿಗೆ 4,933 ರೂಪಾಯಿ. ಮೊದಲ ವರ್ಷ ಇದನ್ನು ಮುಚ್ಚಲು ಬಿಡುವುದಿಲ್ಲ. ಆಮೇಲೆ ಮೂರು ವರ್ಷದೊಳಗೆ ಮುಚ್ಚಿದರೆ ಶೇಕಡ ಎರಡು, ನಂತರ ಶೇಕಡ ಒಂದು ಕಡಿತ.

ದರ ಕಡಿಮೆಯಿರುವಾಗ ಈ 8 ಲಕ್ಷದಲ್ಲಿ ಇನ್ನೊಂದು 6 ಲಕ್ಷವನ್ನಾದರೂ ಮೊದಲ ಯೋಜನೆಗೇ ಹಾಕಿ ಅದರ 30 ಲಕ್ಷ ಭರ್ತಿ ಮಾಡಬಹುದಲ್ಲ ಎಂದು ಕೇಳಬಹುದು. ಹಾಗೆ ಮಾಡಿದರೆ ತಿಂಗಳಿಗೆ 400 ರೂಪಾಯಿ ಹೆಚ್ಚು ಬರುತ್ತದೆ, ನಿಜ. ಆದರೂ ಆ 6 ಲಕ್ಷದ ಜಾಗವನ್ನು ಈಗ ಖಾಲಿ ಬಿಡುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಐದು ವರ್ಷದ ನಂತರ ಅದು ಬೇಕಾಗುತ್ತದೆ. ಜೊತೆಗೆ, ತಿಂಗಳಿಗೊಮ್ಮೆ ಒಂದಿಷ್ಟು ಹಣ ಬೀಳುತ್ತಿದ್ದರೆ ಮೂರು ತಿಂಗಳ ಮಧ್ಯದಲ್ಲಿ ಕೈ ಬರಿದಾಗುವುದಿಲ್ಲ.

ಎರಡೂ ಸೇರಿ ತಿಂಗಳಿಗೆ 16,400 ಮತ್ತು 4,933, ಅಂದರೆ 21,333. ಬೇಕಾಗಿದ್ದು 21,000.

ಮೂರು ತಿಂಗಳ ಬಡ್ಡಿಯನ್ನು ತಿಂಗಳ ಸಂಬಳವಾಗಿಸುವುದು

ಒಮ್ಮೆಗೇ 49,200 ರೂಪಾಯಿ ಖಾತೆಗೆ ಬಂದರೆ ಮೊದಲ ತಿಂಗಳು ಧಾರಾಳ, ಮೂರನೆಯ ತಿಂಗಳು ಪರದಾಟ ಆಗುವುದು ಸಹಜ. ಇದಕ್ಕೆ ಎರಡು ಉಳಿತಾಯ ಖಾತೆ ಇಟ್ಟುಕೊಳ್ಳಿ. ಈ ಮೂರು ತಿಂಗಳ ಬಡ್ಡಿ ಬೀಳುವುದು ಒಂದು ಖಾತೆಗೆ; ಅದಕ್ಕೆ ಎಟಿಎಂ ಕಾರ್ಡ್ ಬೇಡ, ಮೊಬೈಲ್ ಪಾವತಿಯ ಆ್ಯಪ್‌ಗೂ ಜೋಡಿಸಬೇಡಿ. ದಿನನಿತ್ಯ ಬಳಸುವುದು ಇನ್ನೊಂದನ್ನು. ಪ್ರತಿ ತಿಂಗಳ 3ನೇ ತಾರೀಖು ಮೊದಲ ಖಾತೆಯಿಂದ ಎರಡನೆಯದಕ್ಕೆ 16,400 ತಾನಾಗಿ ವರ್ಗವಾಗುವಂತೆ ಬ್ಯಾಂಕಿಗೆ ಸ್ಥಾಯಿ ಸೂಚನೆ ಬರೆದುಕೊಡಿ. ಒಂದೇ ಸಹಿಯ ಕೆಲಸ, ಆಮೇಲೆ ಸಂಬಳದ ದಿನಗಳ ಹಾಗೆಯೇ ನಡೆದುಹೋಗುತ್ತದೆ. ಮೊಬೈಲ್ ಮೂಲಕ ನಡೆಯುವ ವಂಚನೆಗಳಿಂದಲೂ ಇದು ಕಾಪಾಡುತ್ತದೆ: ಯಾರಾದರೂ ಖರ್ಚಿನ ಖಾತೆಗೆ ಕನ್ನ ಹಾಕಿದರೂ ಹೋಗುವುದು ಆ ತಿಂಗಳಲ್ಲಿ ಉಳಿದಷ್ಟು ಮಾತ್ರ.

ಉಳಿತಾಯ ಖಾತೆಯಲ್ಲಿ ಬಿಟ್ಟಿದ್ದ 50,000 ಕೆಲಸಕ್ಕೆ ಬರುವುದು ಇಲ್ಲಿ. ಬಡ್ಡಿ ಬರುವುದು ಮೂರು ತಿಂಗಳು ಮುಗಿದ ಮೇಲೆ, ಖರ್ಚು ಶುರುವಾಗುವುದು ಇಂದಿನಿಂದಲೇ. ಮೇ 10ಕ್ಕೆ ಹಣ ಕಟ್ಟಿದರೆ ಜುಲೈ ಮೊದಲಿಗೆ ಪೂರ್ತಿ 49,200 ಬರುವುದಿಲ್ಲ; ಸುಮಾರು ಐವತ್ತು ದಿನಗಳ ಬಡ್ಡಿ, ಅಂದಾಜು 28,000 ಬರುತ್ತದೆ. ಪೂರ್ತಿ ಮೊತ್ತ ಕಾಣುವುದು ಅಕ್ಟೋಬರ್‌ನಲ್ಲಿ. ಆ 50,000 ಈ ಅಂತರವನ್ನು ತುಂಬುತ್ತದೆ. ಇದನ್ನು ಮೊದಲೇ ಯೋಚಿಸದೆ ಪೂರ್ತಿ ಹಣ ಕಟ್ಟಿಬಿಟ್ಟವರು ಮೊದಲ ತಿಂಗಳಲ್ಲೇ ಮಕ್ಕಳ ಬಳಿ ಕೇಳಬೇಕಾಗುತ್ತದೆ.

ಇನ್ನೊಂದು ವಿಷಯ. ಬಂದ ಬಡ್ಡಿಯನ್ನು ತೆಗೆದುಕೊಳ್ಳದೆ ಯೋಜನೆಯ ಖಾತೆಯಲ್ಲೇ ಬಿಟ್ಟರೆ ಅದಕ್ಕೆ ಮತ್ತೆ ಬಡ್ಡಿ ಸೇರುವುದಿಲ್ಲ. ಅದಕ್ಕೇ ಅರ್ಜಿಯಲ್ಲಿ ಬಡ್ಡಿ ನೇರವಾಗಿ ಉಳಿತಾಯ ಖಾತೆಗೆ ಹೋಗಬೇಕೆಂದು ಬರೆದು, ಆ ಖಾತೆಯ ಸಂಖ್ಯೆ ಸರಿಯಾಗಿದೆಯೇ ಎಂದು ಎರಡು ಸಲ ನೋಡಿ.

ತೆರಿಗೆ: ಏಪ್ರಿಲ್‌ನಲ್ಲಿ ಒಂದು ಹಾಳೆ

ಹಿರಿಯ ನಾಗರಿಕರಿಗೆ ಒಂದು ಬ್ಯಾಂಕಿನಿಂದ ಅಥವಾ ಅಂಚೆ ಕಚೇರಿಯಿಂದ ವರ್ಷಕ್ಕೆ ಬರುವ ಬಡ್ಡಿ 1 ಲಕ್ಷ ದಾಟಿದರೆ ಅಲ್ಲಿಯೇ ಶೇಕಡ ಹತ್ತು ತೆರಿಗೆ ಹಿಡಿಯುತ್ತಾರೆ. 2025ರ ಏಪ್ರಿಲ್‌ಗೆ ಮುಂಚೆ ಈ ಮಿತಿ 50,000 ಇತ್ತು. ನಮ್ಮ ದಂಪತಿಯ ಬಡ್ಡಿ 1,96,800, ಹಾಗಾಗಿ ಏನೂ ಮಾಡದೆ ಕೂತರೆ ಪ್ರತಿ ಸಲ 49,200ರ ಬದಲು 44,280 ಬರುತ್ತದೆ. ಪಾಸ್‌ಬುಕ್‌ನಲ್ಲಿ ಹೀಗೆ ಹತ್ತನೇ ಒಂದು ಪಾಲು ಕಡಿಮೆಯಾಗಿದ್ದರೆ ಬಡ್ಡಿ ದರ ಇಳಿದಿದೆ ಎಂದು ಗಾಬರಿಯಾಗಬೇಡಿ, ತೆರಿಗೆ ಹಿಡಿದಿದ್ದಾರೆ ಎಂದರ್ಥ.

ಇವರ ವರ್ಷದ ಎಲ್ಲ ಆದಾಯ ಸೇರಿಸಿದರೂ ಸುಮಾರು ಮೂರೂವರೆ ಲಕ್ಷ. 2025–26ನೇ ಸಾಲಿನಿಂದ ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ರಿಯಾಯಿತಿಯ ದೆಸೆಯಿಂದ 12 ಲಕ್ಷದವರೆಗೂ ಕಟ್ಟಬೇಕಾದದ್ದು ಸೊನ್ನೆ. ಕಟ್ಟಬೇಕಾದ ತೆರಿಗೆ ಇಲ್ಲವೆಂದು ನೀವೇ ಘೋಷಿಸುವ ಪತ್ರವನ್ನು ಜನ 15ಎಚ್ ಎಂದು ಕರೆಯುತ್ತಾರೆ. ಅದನ್ನು ಏಪ್ರಿಲ್ ಮೊದಲ ವಾರದಲ್ಲೇ ಕೊಡಬೇಕು, ಪ್ರತಿ ವರ್ಷವೂ ಹೊಸದಾಗಿ ಕೊಡಬೇಕು, ಹಣ ಇಟ್ಟಿರುವ ಪ್ರತಿಯೊಂದು ಕಡೆಯೂ ಬೇರೆಬೇರೆಯಾಗಿ ಕೊಡಬೇಕು. ಕೊಟ್ಟದ್ದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳಿ. ಪ್ಯಾನ್ ಸಂಖ್ಯೆ ಖಾತೆಗೆ ಸೇರಿಲ್ಲದಿದ್ದರೆ ಈ ಪತ್ರಕ್ಕೆ ಬೆಲೆಯಿಲ್ಲ, ಹಿಡಿಯುವ ತೆರಿಗೆಯೂ ಶೇಕಡ ಇಪ್ಪತ್ತಾಗುತ್ತದೆ. ಹಿಡಿದ ತೆರಿಗೆ ಕಳೆದುಹೋಗುವುದಿಲ್ಲ, ರಿಟರ್ನ್ ಸಲ್ಲಿಸಿದರೆ ವಾಪಸು ಬರುತ್ತದೆ. ಆದರೆ ತಿಂಗಳ ಖರ್ಚಿಗೆ ಅದೇ ಹಣ ನಂಬಿದವರಿಗೆ ಆ ಕಾಯುವಿಕೆ ಕಷ್ಟ.

ಉಳಿದ ಐದು ಲಕ್ಷ ಯಾರಿಗಾಗಿ

40 ಲಕ್ಷದಲ್ಲಿ ಈವರೆಗೆ 35 ಲಕ್ಷಕ್ಕೆ ಜಾಗ ಸಿಕ್ಕಿದೆ. ಉಳಿದ 5 ಲಕ್ಷವನ್ನೂ ಬಡ್ಡಿಗೆ ಹಾಕಿ ತಿಂಗಳಿಗೆ ಇನ್ನೊಂದು ಮೂರು ಸಾವಿರ ಮಾಡಿಕೊಳ್ಳುವ ಆಸೆ ಆಗುತ್ತದೆ. ದಯವಿಟ್ಟು ಬೇಡ. ಅಪಾಯವೇ ಬೇಡವೆನ್ನುವವರ ಯೋಜನೆ ಮುರಿದು ಬೀಳುವುದು ಈ ಜಾಗದಲ್ಲಿ.

ಮೇಲಿನ ಎರಡೂ ಯೋಜನೆಗಳಲ್ಲಿ ಅಸಲು ಬೆಳೆಯುವುದಿಲ್ಲ, ಬಡ್ಡಿಯೂ ಬೆಳೆಯುವುದಿಲ್ಲ. ಬೆಲೆಗಳು ಮಾತ್ರ ಬೆಳೆಯುತ್ತವೆ. ವರ್ಷಕ್ಕೆ ಶೇಕಡ ಆರರಂತೆ ಖರ್ಚು ಏರಿದರೆ ಇಂದಿನ 24,000ದ ಸಂಸಾರ ಐದು ವರ್ಷದ ನಂತರ ನಡೆಯಲು ಸುಮಾರು 32,000 ಬೇಕು. ಆದಾಯ ಆಗಲೂ 24,333ರಲ್ಲೇ ನಿಂತಿರುತ್ತದೆ. ಹಣ ಎಲ್ಲಿಯೂ ಮುಳುಗಿಲ್ಲ, ಯಾರೂ ಮೋಸ ಮಾಡಿಲ್ಲ, ಆದರೂ ತಿಂಗಳಿಗೆ ಎಂಟು ಸಾವಿರ ಸಾಲದು.

ಹಾಗಾಗಿ ಈ 5 ಲಕ್ಷ ಐದು ವರ್ಷದ ನಂತರದ ನಿಮಗಾಗಿ. ಅದನ್ನು ಬಡ್ಡಿ ಅಸಲಿಗೇ ಸೇರುತ್ತ ಹೋಗುವ ಜಾಗದಲ್ಲಿಡಿ. ಅಂಚೆ ಕಚೇರಿಯ ರಾಷ್ಟ್ರೀಯ ಉಳಿತಾಯ ಪತ್ರ ಇದಕ್ಕೆ ಹೊಂದುತ್ತದೆ. ದರ ಶೇಕಡ 7.7, ಐದು ವರ್ಷಕ್ಕೆ 5 ಲಕ್ಷ ಸುಮಾರು 7,24,500 ಆಗುತ್ತದೆ. ಮಧ್ಯದಲ್ಲಿ ಸಾಮಾನ್ಯವಾಗಿ ತೆಗೆಯಲು ಬಿಡುವುದಿಲ್ಲ ಎಂಬುದು ಇಲ್ಲಿ ಅನುಕೂಲವೇ. ಯಾರೋ ಸಾಲ ಕೇಳಿದಾಗ ಇಲ್ಲವೆನ್ನಲು ಒಂದು ನಿಜವಾದ ಕಾರಣ ಇರುತ್ತದೆ.

ಐದು ವರ್ಷಕ್ಕೆ ಬಂದ ಆ ಮೊತ್ತದಲ್ಲಿ 6 ಲಕ್ಷವನ್ನು ಹಿರಿಯ ನಾಗರಿಕರ ಯೋಜನೆಯಲ್ಲಿ ಖಾಲಿ ಬಿಟ್ಟಿದ್ದ ಜಾಗಕ್ಕೆ, ಉಳಿದದ್ದನ್ನು ಮಾಸಿಕ ಆದಾಯ ಯೋಜನೆಗೆ ಹಾಕಿದರೆ, ದರಗಳು ಹೀಗೆಯೇ ಇದ್ದಲ್ಲಿ ತಿಂಗಳಿಗೆ 4,800 ರೂಪಾಯಿಯಷ್ಟು ಹೆಚ್ಚುತ್ತದೆ. ಆದಾಯ 29,000 ದಾಟುತ್ತದೆ. ಆದರೂ 32,000ಕ್ಕೆ ಮೂರು ಸಾವಿರ ಕಡಿಮೆ ಎಂಬುದನ್ನು ಮುಚ್ಚಿಡುವುದಿಲ್ಲ.

ಆ ಮೂರು ಸಾವಿರವನ್ನು ಅಸಲಿನಿಂದ ತೆಗೆದುಕೊಳ್ಳಬಹುದು. ನಮ್ಮಲ್ಲಿ ಅಸಲು ಮುಟ್ಟುವುದೆಂದರೆ ಏನೋ ಅಪಚಾರ ಎಂಬ ಭಾವನೆ ಇದೆ. ಆದರೆ 69ರ ವಯಸ್ಸಿನಲ್ಲಿ 40 ಲಕ್ಷಕ್ಕೂ ಮೇಲ್ಪಟ್ಟ ಗಂಟಿನಿಂದ ವರ್ಷಕ್ಕೆ 36,000 ತೆಗೆಯುವುದು ಶೇಕಡ ಒಂದಕ್ಕಿಂತ ಕಡಿಮೆ. ಔಷಧ ಕಡಿಮೆ ಮಾಡಿ, ಹಣ್ಣು ಬಿಟ್ಟು, ಬೇಸಿಗೆಯಲ್ಲಿ ಫ್ಯಾನ್ ಆರಿಸಿ ಅಸಲನ್ನು ಕಾಪಾಡುವುದಕ್ಕಿಂತ ಅದು ನೂರು ಪಾಲು ಸರಿ. ಗಂಟು ಕೂಡಿಟ್ಟದ್ದೇ ಈ ದಿನಗಳಿಗೆ. ಎಚ್ಚರವಿರಬೇಕಾದದ್ದು, ಹೀಗೆ ತೆಗೆಯುವ ಮೊತ್ತ ಪ್ರತಿ ವರ್ಷ ಏರುತ್ತ ಹೋಗುತ್ತದೆ ಎಂಬುದರ ಬಗ್ಗೆ. ಎಪ್ಪತ್ತೈದರ ಸುಮಾರಿಗೆ ಮತ್ತೊಮ್ಮೆ ಇಡೀ ಲೆಕ್ಕ ಹಾಕಬೇಕು.

ಎರಡು ಪರ್ಸೆಂಟಿನ ಆಸೆ

ನೀವು ಈ ಕೆಲಸ ಮಾಡುತ್ತಿರುವ ಸಮಯದಲ್ಲೇ ಪರಿಚಯದವರೊಬ್ಬರು ಬಂದು, ಇಲ್ಲೇ ಪಕ್ಕದ ಸೊಸೈಟಿಯಲ್ಲಿ ಹತ್ತು ಪರ್ಸೆಂಟ್ ಕೊಡುತ್ತಾರೆ, ತಿಂಗಳು ತಿಂಗಳೂ ಮನೆಗೇ ತಂದುಕೊಡುತ್ತಾರೆ ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ. 24 ಲಕ್ಷಕ್ಕೆ ಹತ್ತು ಪರ್ಸೆಂಟ್ ಎಂದರೆ ಈಗಿನದಕ್ಕಿಂತ ತಿಂಗಳಿಗೆ 3,600 ಹೆಚ್ಚು. ಆ 3,600ಕ್ಕಾಗಿ ಪಣಕ್ಕಿಡುವುದು 24 ಲಕ್ಷವನ್ನು.

ಬ್ಯಾಂಕಿನಲ್ಲಿಟ್ಟ ಹಣಕ್ಕೆ ಠೇವಣಿ ವಿಮೆ ಇದೆ. 2020ರ ಫೆಬ್ರವರಿಯಿಂದ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ, ಎಲ್ಲ ಶಾಖೆಗಳೂ ಸೇರಿ, ಅಸಲು ಬಡ್ಡಿ ಎರಡೂ ಕೂಡಿ 5 ಲಕ್ಷದವರೆಗೆ. ಸಹಕಾರಿ ಬ್ಯಾಂಕುಗಳೂ ಇದರೊಳಗೆ ಬರುತ್ತವೆ. ಆದರೆ ನಮ್ಮ ಊರುಗಳಲ್ಲಿ ಬೋರ್ಡು ಹಾಕಿರುವ ಪತ್ತಿನ ಸಹಕಾರ ಸಂಘಗಳು, ಸೌಹಾರ್ದ ಸಹಕಾರಿಗಳು ಬ್ಯಾಂಕುಗಳಲ್ಲ. ಅವುಗಳ ಠೇವಣಿಗೆ ಈ ವಿಮೆ ಇಲ್ಲ. ಪ್ರಾಮಾಣಿಕವಾಗಿ ನಡೆಯುವ ಸಂಘಗಳು ಬೇಕಾದಷ್ಟಿವೆ. ಆದರೆ ಒಂದು ಸಂಘ ಎಡವಿದರೆ ನಿಮ್ಮ ಹಣಕ್ಕೆ ಹಿಂದೆ ನಿಲ್ಲುವವರು ಯಾರೂ ಇರುವುದಿಲ್ಲ.

ವಿಮೆ ಇರುವ ಕಡೆಯೂ ಮಿತಿ ಮೀರಿ ಇಡಬಾರದು ಎಂಬುದಕ್ಕೆ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕ್ ಸಾಕ್ಷಿ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಅದರ ಮೇಲೆ ನಿರ್ಬಂಧ ಹೇರಿದಾಗ ಆರಂಭದಲ್ಲಿ ಒಬ್ಬ ಠೇವಣಿದಾರರು ತೆಗೆಯಬಹುದಾಗಿದ್ದದ್ದು 35,000 ರೂಪಾಯಿ ಮಾತ್ರ. ಅಲ್ಲಿ ಹಣ ಇಟ್ಟವರಲ್ಲಿ ನಿವೃತ್ತರೇ ಬಹಳ ಮಂದಿ ಇದ್ದರು. 2021ರ ಕಾನೂನು ತಿದ್ದುಪಡಿಯ ನಂತರ ಇಂಥ ನಿರ್ಬಂಧ ಬಿದ್ದರೆ ವಿಮೆಯ ಮೊತ್ತ 90 ದಿನಗಳಲ್ಲಿ ಕೈಸೇರಬೇಕು. 5 ಲಕ್ಷದ ಮೇಲಿನದಕ್ಕೆ ಆ ಭರವಸೆ ಇಲ್ಲ.

ಬ್ಯಾಂಕಿನ ಒಳಗೆ ಕೂತವರು ಹೇಳಿದ್ದೆಲ್ಲ ಬ್ಯಾಂಕಿನ ಠೇವಣಿ ಅಲ್ಲ ಎಂಬುದೂ ನೆನಪಿರಲಿ. ಠೇವಣಿ ಮಾಡಲು ಹೋದ ಹಿರಿಯರಿಗೆ ಖಾತರಿ ಮಾಸಿಕ ಆದಾಯ ಎಂದು ವಿಮಾ ಪಾಲಿಸಿ ಕೊಟ್ಟು ಕಳಿಸುವುದುಂಟು. ಮರುವರ್ಷ ಮತ್ತೆ ಕಂತು ಕಟ್ಟಿ ಎಂಬ ಸಂದೇಶ ಬಂದಾಗಲೇ ವಿಷಯ ತಿಳಿಯುವುದು. ಸಹಿಗೆ ಮುಂಚೆ ಹೀಗೆ ಕೇಳಿ: ಇದು ಠೇವಣಿಯೇ, ಪಾಲಿಸಿಯೇ? ಮುಂದಿನ ವರ್ಷವೂ ಹಣ ಕಟ್ಟಬೇಕೇ? ಎರಡು ವರ್ಷಕ್ಕೆ ವಾಪಸು ಕೇಳಿದರೆ ಎಷ್ಟು ಕೊಡುತ್ತೀರಿ, ಬರೆದು ಕೊಡಿ. ಆಗಲೇ ಪಾಲಿಸಿ ಕೈಗೆ ಬಂದಿದ್ದರೆ, ತಲುಪಿದ 30 ದಿನದೊಳಗೆ ಬೇಡವೆಂದು ಹಿಂತಿರುಗಿಸುವ ಹಕ್ಕು ನಿಮಗಿದೆ. ಅಲ್ಪಸ್ವಲ್ಪ ಕಡಿತವಾಗಿ ಹಣ ಬರುತ್ತದೆ.

ಖಾತೆ ತೆರೆಯುವ ದಿನ

ಆಧಾರ್, ಪ್ಯಾನ್, ಇಬ್ಬರ ಭಾವಚಿತ್ರಗಳು, ಉಳಿತಾಯ ಖಾತೆಯ ಪಾಸ್‌ಬುಕ್, ಚೆಕ್ ಪುಸ್ತಕ ಇಷ್ಟು ಸಾಕು. ಹಣ ಚೆಕ್ ಮೂಲಕವೇ ಹೋಗಲಿ, ಯಾರ ಕೈಗೂ ನಗದು ಕೊಡಬೇಡಿ. ಖಾಲಿ ಹಿಂಪಡೆಯುವ ಚೀಟಿಗೆ ಸಹಿ ಹಾಕಿ ಏಜೆಂಟರ ಬಳಿ ಬಿಡಬೇಡಿ, ಅವರು ಎಷ್ಟೇ ಹಳಬರಾದರೂ. ಹಿರಿಯ ನಾಗರಿಕರ ಖಾತೆಯನ್ನು ಗಂಡ ಮೊದಲ ಹೆಸರಾಗಿ, ಹೆಂಡತಿ ಜಂಟಿಯಾಗಿ ಇರುವಂತೆ ತೆರೆಯಿರಿ. ಈ ಯೋಜನೆಯಲ್ಲಿ ಜಂಟಿಯಾಗಬಹುದಾದವರು ಬಾಳಸಂಗಾತಿ ಮಾತ್ರ. ಜೊತೆಗೆ ನಾಮಿನಿಯನ್ನೂ ಬರೆಸಿ. ಪಾಸ್‌ಬುಕ್ ಕೈಗೆ ಬಂದೊಡನೆ ಕೌಂಟರ್ ಬಿಡದೆ ನಿಂತು ನೋಡಬೇಕಾದದ್ದು: ಎರಡೂ ಹೆಸರು ಇವೆಯೇ, ನಾಮಿನಿ ನೋಂದಣಿಯಾಗಿದೆಯೇ, ಅವಧಿ ಮುಗಿಯುವ ದಿನಾಂಕ ಯಾವುದು.

ಆ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಲ್ಲ, ಪಾಸ್‌ಬುಕ್‌ನ ಹೊರ ರಟ್ಟಿನ ಮೇಲೆ ದೊಡ್ಡದಾಗಿ ಬರೆಯಿರಿ; ಕ್ಯಾಲೆಂಡರ್ ಪ್ರತಿ ವರ್ಷ ಬದಲಾಗುತ್ತದೆ. ಐದು ವರ್ಷ ಮುಗಿದ ಮೇಲೆ ಸುಮ್ಮನಿದ್ದರೆ ಹಣಕ್ಕೆ ಸಿಗುವುದು ಉಳಿತಾಯ ಖಾತೆಯ ಬಡ್ಡಿ ಮಾತ್ರ. ಹಿರಿಯ ನಾಗರಿಕರ ಖಾತೆಯನ್ನು ಮತ್ತೆ ಮೂರು ವರ್ಷಕ್ಕೆ ಮುಂದುವರಿಸಬಹುದು, ಅದಕ್ಕೆ ಅರ್ಜಿ ಕೊಡಬೇಕು. ಆಗಿನ ದರ ಅನ್ವಯವಾಗುತ್ತದೆ. ಮಾಸಿಕ ಆದಾಯ ಯೋಜನೆಗೆ ಮುಂದುವರಿಕೆ ಇಲ್ಲ, ಮುಚ್ಚಿ ಹೊಸದಾಗಿ ತೆರೆಯಬೇಕು.

ಒಬ್ಬರೇ ಉಳಿದಾಗ

ಈ ವ್ಯವಸ್ಥೆ ಗಂಡನಿಗೆ ಮಾತ್ರ ಗೊತ್ತಿದ್ದರೆ ಅದು ಅರ್ಧ ವ್ಯವಸ್ಥೆ. ಹೆಂಡತಿಯೂ ಬ್ಯಾಂಕಿಗೆ, ಅಂಚೆ ಕಚೇರಿಗೆ ಜೊತೆಯಲ್ಲಿ ಹೋಗಬೇಕು, ಒಂದೆರಡು ಸಲ ತಾವೇ ಪಾಸ್‌ಬುಕ್ ಮುದ್ರಿಸಿಕೊಂಡು ಬರಬೇಕು. ಖಾತೆದಾರರು ತೀರಿಕೊಂಡರೆ ಹಿರಿಯ ನಾಗರಿಕರ ಖಾತೆಯನ್ನು ಜಂಟಿಯಾಗಿರುವ ಅಥವಾ ಏಕೈಕ ನಾಮಿನಿಯಾಗಿರುವ ಬಾಳಸಂಗಾತಿ ಅವಧಿ ಮುಗಿಯುವವರೆಗೆ ಅದೇ ಬಡ್ಡಿಗೆ ಮುಂದುವರಿಸಬಹುದು. ಅದಕ್ಕೆ ಅವರಿಗೂ ಅರ್ಹತೆಯ ವಯಸ್ಸಾಗಿರಬೇಕು, ಅವರ ಹೆಸರಿನಲ್ಲಿ ಇದೇ ಯೋಜನೆಯ ಬೇರೆ ಖಾತೆ ಇರಬಾರದು. ಈ ದಂಪತಿಯ 24 ಲಕ್ಷ ಒಬ್ಬರ 30 ಲಕ್ಷದ ಮಿತಿಯೊಳಗೇ ಇರುವುದರಿಂದ ಹೆಂಡತಿಗೆ ಬೇರೆ ಖಾತೆ ತೆರೆಯಲು ನಾನು ಹೇಳದೇ ಇದ್ದದ್ದು ಇದಕ್ಕೇ. ಮಕ್ಕಳು ನಾಮಿನಿಯಾಗಿದ್ದರೆ ಖಾತೆ ಮುಂದುವರಿಯುವುದಿಲ್ಲ. ಸಾವಿನ ದಿನದವರೆಗೆ ಯೋಜನೆಯ ಬಡ್ಡಿ, ಅಲ್ಲಿಂದ ಮುಚ್ಚುವವರೆಗೆ ಉಳಿತಾಯ ಖಾತೆಯ ಬಡ್ಡಿ.

ಆ ಮೊದಲ ತಿಂಗಳಲ್ಲಿ ಉಳಿದವರು ಮಾಡಬೇಕಾದ ಕೆಲಸಗಳು ಒಂದು ಹಾಳೆಯಲ್ಲಿ ಬರೆದು ಪಾಸ್‌ಬುಕ್‌ಗಳ ಜೊತೆಗೇ ಇರಲಿ: ಮರಣ ಪ್ರಮಾಣಪತ್ರದ ಐದಾರು ಪ್ರತಿ ಪಡೆಯುವುದು, ಭವಿಷ್ಯ ನಿಧಿಯ ಕಚೇರಿಯಲ್ಲಿ ವಿಧವಾ ಪಿಂಚಣಿಗೆ ಅರ್ಜಿ ಹಾಕುವುದು, ಅದು ಮೊದಲಿನಷ್ಟು ಬರುವುದಿಲ್ಲ, ಖಾತೆ ಮುಂದುವರಿಸುವ ಅರ್ಜಿ ಕೊಡುವುದು, ತಮ್ಮ ಹೆಸರಿನಲ್ಲಿ ಹೊಸ 15ಎಚ್ ಕೊಡುವುದು, ಹೊಸ ನಾಮಿನಿಯ ಹೆಸರು ಬರೆಸುವುದು. ಇದೆಲ್ಲ ಮುಗಿಯುವವರೆಗೆ ಒಂದೆರಡು ತಿಂಗಳು ಬಡ್ಡಿ ತಡವಾದರೂ ಮನೆ ನಡೆಯಲು ಜಂಟಿ ಹೆಸರಿನ ಆ ಐದು ಠೇವಣಿಗಳಿವೆ. ಒಂದನ್ನು ಮುರಿಯಲು ಅವರೊಬ್ಬರ ಸಹಿ ಸಾಕು.